ಹದಿನೆಂಟು ನಿಮಿಷದ ಸಿನಿಮಾನ ಎಲ್ಲಿಗೆ ಕಳಿಸೋದು?

(ಮೈಸೂರಿನ ಕಾಲೇಜೊಂದರಲ್ಲಿ ಮಾಧ್ಯಮ ವಿಭಾಗದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದಿದ್ದು. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಪ್ರೊಜೆಕ್ಟರ್ ಇವತ್ತು ಕೈಕೊಟ್ಟಿದೆ. ಒಳ್ಳೆಯದೇ ಆಯಿತು. ಸ್ಲೈಡ್ ಇದ್ದಿದ್ದರೆ ಐವತ್ತು ಚಿತ್ರೋತ್ಸವಗಳ ಪಟ್ಟಿ ತೋರಿಸಿ ಮುಗಿಸುತ್ತಿದ್ದೆ, ನೀವು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಮರೆತುಬಿಡುತ್ತಿದ್ದಿರಿ. ಅದರ ಬದಲು ಒಂದೇ ಒಂದು ಸಿನಿಮಾ ಇಟ್ಟುಕೊಂಡು ಮಾತಾಡೋಣ. ಮೊದಲನೇ ಸಾಲಿನಲ್ಲಿ ಕೂತಿರುವ ಈ ಹುಡುಗಿ ಬೆಳಿಗ್ಗೆ ತನ್ನ ಚಿತ್ರ ತೋರಿಸಿದಳು. ರೇಷನ್ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಹತ್ತದ ಒಬ್ಬ ಅಜ್ಜಿಯ ಕತೆ. ಚೆನ್ನಾಗಿದೆ. ಅದನ್ನೇ ಎಲ್ಲರೆದುರು ಬಿಚ್ಚಿಡಲಾ ಅಂತ ಕೇಳಿದೆ, ಆಗಲಿ ಸರ್ ಅಂದಳು.

ಎಷ್ಟು ನಿಮಿಷಮ್ಮ ಅಂತ ಕೇಳಿದಾಗ "ಹದಿನಾರೂವರೆ" ಅಂದಳು. ಫೈಲ್ ತೆರೆದು ನೋಡಿದರೆ 18 ನಿಮಿಷ 20 ಸೆಕೆಂಡ್. ಕೊನೆಯಲ್ಲಿ ಹೆಸರುಗಳು ಓಡುವ ಭಾಗವನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ತಪ್ಪು ಎಲ್ಲರೂ ಮಾಡುತ್ತಾರೆ. ಫೆಸ್ಟಿವಲ್‌ಗಳು ಅಳೆಯುವುದು ಮೊದಲ ಫ್ರೇಮ್‌ನಿಂದ ಕೊನೆಯ ಫ್ರೇಮ್‌ವರೆಗೆ. ಅಡುಗೆ ಭಟ್ಟರಿಗೆ, ಬೈಕ್ ಕೊಟ್ಟ ಮಾವನಿಗೆ ಹೇಳಿದ ಧನ್ಯವಾದವೂ ಅದರಲ್ಲಿ ಸೇರುತ್ತದೆ.

ಈ ನಿಮಿಷದ ಲೆಕ್ಕ ಯಾಕೆ ಮುಖ್ಯ ಅಂತ ನೋಡಿ. ಕಾನ್ ಚಿತ್ರೋತ್ಸವದಲ್ಲಿ ಕಿರುಚಿತ್ರಗಳ ಮುಖ್ಯ ಸ್ಪರ್ಧೆಗೆ 15 ನಿಮಿಷದ ಮಿತಿ ಇದೆ, ಹೆಸರುಗಳೂ ಸೇರಿ. ಇವಳದು ಹೋಗುವುದಿಲ್ಲ. ವೆನಿಸ್‌ನ ಒರಿಜೋಂಟಿ ವಿಭಾಗದಲ್ಲಿ ಕಿರುಚಿತ್ರಕ್ಕೆ 20 ನಿಮಿಷ. ಅಲ್ಲಿ ಹೋಗುತ್ತದೆ. ಬರ್ಲಿನ್‌ನಲ್ಲಿ 30, ಅಲ್ಲಿಯೂ ಹೋಗುತ್ತದೆ. ಆಸ್ಕರ್ ಲೆಕ್ಕದಲ್ಲಿ 40 ನಿಮಿಷದವರೆಗೆ ಕಿರುಚಿತ್ರವೇ. ಇನ್ನು ನಮ್ಮ ಬಿಫ್ಸ್‌ಗೆ, ಅಂದರೆ ಬೆಂಗಳೂರು ಇಂಟರ್‌ನ್ಯಾಷನಲ್ ಫಿಲ್ಮ್ ಫೆಸ್ಟಿವಲ್‌ಗೆ ಕಳಿಸೋಣ ಅಂತ ಪ್ರತಿ ವರ್ಷ ಯಾರಾದರೂ ಹೊರಡುತ್ತಾರೆ. ಅಲ್ಲಿನ ಸ್ಪರ್ಧೆಗಳು ಪೂರ್ಣ ಪ್ರಮಾಣದ ಚಿತ್ರಗಳಿಗೆ. ಕಿರುಚಿತ್ರಕ್ಕೆ ಬೆಂಗಳೂರಿನಲ್ಲಿ ಇರುವುದು ಬೇರೆ ಹಬ್ಬ, ಬೆಂಗಳೂರು ಇಂಟರ್‌ನ್ಯಾಷನಲ್ ಶಾರ್ಟ್ ಫಿಲ್ಮ್ ಫೆಸ್ಟಿವಲ್. ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲ ಜಾಸ್ತಿ.

ಹಾಗಾದರೆ ಕಾನ್‌ಗೋಸ್ಕರ ಮೂರೂವರೆ ನಿಮಿಷ ಕತ್ತರಿಸಲಾ ಅಂತ ಅವಳು ಕೇಳಿದಳು. ಬೇಡ ಅಂದೆ. ಅಜ್ಜಿ ಮೂರನೇ ಸಲ ಬೆರಳು ಒರೆಸಿಕೊಂಡು ಯಂತ್ರದ ಮೇಲೆ ಇಡುವ ಶಾಟ್ ಇದೆಯಲ್ಲ, ಅದು ಅಷ್ಟು ಹೊತ್ತು ನಿಂತಿರುವುದರಿಂದಲೇ ಚಿತ್ರ ನಿಲ್ಲುತ್ತದೆ. ಕೊನೆಯ ಹೆಸರುಗಳನ್ನು ಮಾತ್ರ ಜೋರಾಗಿ ಓಡಿಸಿ, ಒಂದು ನಿಮಿಷದೊಳಗೆ ತನ್ನಿ. ಸಾವಿರಾರು ಚಿತ್ರ ನೋಡುವ ಆಯ್ಕೆದಾರರಿಗೆ ಅಷ್ಟು ಉಪಕಾರ ಮಾಡಿದರೆ ಸಾಕು.

ಈಗ "ವಿದ್ಯಾರ್ಥಿ ಚಿತ್ರ" ಅನ್ನುವ ಮಾತಿಗೆ ಬರೋಣ. ಇದೊಂದೇ ಪದಕ್ಕೆ ಮೂರು ಅರ್ಥ ಇದೆ. ಯಾವ ಹಬ್ಬ ಯಾವ ಅರ್ಥದಲ್ಲಿ ಹೇಳುತ್ತಿದೆ ಅಂತ ಗೊತ್ತಾಗದೆ ದುಡ್ಡು ಕಟ್ಟಿದವರನ್ನು ನಾನು ಬಹಳ ನೋಡಿದ್ದೇನೆ.

ಮೊದಲನೇ ಅರ್ಥ ತುಂಬ ಬಿಗಿ. ಸಿನಿಮಾ ಶಾಲೆಯಲ್ಲಿ ಕಲಿಯುವವರು, ಆ ಶಾಲೆಯ ಕೋರ್ಸ್‌ನ ಭಾಗವಾಗಿ ಮಾಡಿದ ಚಿತ್ರ ಅಂತ. ಕಾನ್‌ನ ಲಾ ಸಿನೆಫ್ ವಿಭಾಗ ಹೀಗೆ. 1998ರಲ್ಲಿ ಶುರುವಾದದ್ದು, ಆಗ ಹೆಸರು ಸಿನೆಫೊಂಡೇಶನ್. ಅಲ್ಲಿ 60 ನಿಮಿಷದವರೆಗೂ ಅವಕಾಶ ಇದೆ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಗೆದ್ದದ್ದು ನಮ್ಮ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅಂತ ನಿಮಗೆಲ್ಲ ಗೊತ್ತು. ಕೋಳಿ ಕದ್ದ ಅಜ್ಜಿಯ ಜನಪದ ಕತೆ, ಕನ್ನಡದ್ದೇ ಚಿತ್ರ, 16 ನಿಮಿಷ. "ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ" ಅಂತ ಹೆಸರು. ಬಹುಮಾನ 15,000 ಯೂರೋ. ಅದನ್ನು ಕೇಳಿ ಇಲ್ಲಿ ಎಷ್ಟೋ ಜನ ಲಾ ಸಿನೆಫ್‌ಗೆ ಕಳಿಸಲು ಹೊರಟರು. ಆದರೆ ಒಂದು ವಿಷಯ ಗಮನಿಸಲಿಲ್ಲ. ಆ ಚಿತ್ರ ಆದದ್ದು ಪುಣೆಯ ಎಫ್‌ಟಿಐಐನಲ್ಲಿ, ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್‌ನ ಕೊನೆಯ ಅಭ್ಯಾಸವಾಗಿ. 16 ನಿಮಿಷ ಅಂದರೆ ಮುಖ್ಯ ಸ್ಪರ್ಧೆಯ 15ರ ಮಿತಿಯಿಂದ ಹೊರಗೆ. ಸಿನಿಮಾ ಶಾಲೆಯ ಬಾಗಿಲು ಇದ್ದದ್ದರಿಂದಲೇ ಅದಕ್ಕೆ ಕಾನ್‌ನ ಒಳಗೆ ದಾರಿ ಸಿಕ್ಕಿತು. ಪತ್ರಿಕೋದ್ಯಮ ಓದುತ್ತಾ ಸ್ವಂತ ದುಡ್ಡಿನಲ್ಲಿ, ರಜೆಯಲ್ಲಿ ಮಾಡಿದ 18 ನಿಮಿಷದ ಚಿತ್ರಕ್ಕೆ ಕಾನ್‌ನಲ್ಲಿ ಎರಡೂ ಬಾಗಿಲು ಮುಚ್ಚಿರುತ್ತವೆ. ಒಂದು ಉದ್ದದಿಂದ, ಇನ್ನೊಂದು ಓದುತ್ತಿರುವ ಜಾಗದಿಂದ. ಇದರಲ್ಲಿ ಚಿತ್ರದ ಗುಣದ ಪ್ರಶ್ನೆಯೇ ಇಲ್ಲ. ಅದನ್ನು ಮೊದಲೇ ತಿಳಿದುಕೊಂಡರೆ ಬೇಜಾರೂ ಇಲ್ಲ.

ಎರಡನೇ ಅರ್ಥ ಸಡಿಲ. ಯಾವುದೇ ಕಾಲೇಜಿನಲ್ಲಿ ಓದುತ್ತಿರುವವರು ಅಂತ. ಐಡಿ ಕಾರ್ಡ್ ಅಥವಾ ಪ್ರಾಂಶುಪಾಲರ ಪತ್ರ ಕೇಳುತ್ತಾರೆ. ಇಲ್ಲಿ ನೋಡಬೇಕಾದದ್ದು ಯಾವ ದಿನ ವಿದ್ಯಾರ್ಥಿಯಾಗಿರಬೇಕು ಅನ್ನುವುದು. ಚಿತ್ರ ಮಾಡಿದಾಗಲಾ, ಕಳಿಸುವಾಗಲಾ? ಈ ಹುಡುಗಿ ಮೇ ತಿಂಗಳಿಗೆ ಪದವಿ ಮುಗಿಸುತ್ತಾಳೆ. ಕಳಿಸುವ ದಿನ ಅಂತಿದ್ದರೆ ಜೂನ್‌ನಿಂದ ಅವಳು ವಿದ್ಯಾರ್ಥಿ ಅಲ್ಲ. ಹಾಗಾಗಿ ಕಾಲೇಜು ಬಿಡುವ ಮುಂಚೆ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿ, ಸೀಲ್ ಹಾಕಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಆಫೀಸಿಗೆ ಅಲೆಯುವ ಕಷ್ಟ ನಿಮಗೆ ಗೊತ್ತೇ ಇದೆ.

ಮೂರನೇ ಅರ್ಥದಲ್ಲಿ ಅದು ವಿಭಾಗವೇ ಅಲ್ಲ, ಬರೀ ರಿಯಾಯಿತಿ. ಫೀ ಕಡಿಮೆ, ಆದರೆ ಸ್ಪರ್ಧೆ ಎಲ್ಲರ ಜೊತೆಗೇ. ಇದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ಸಲ ಇದೇ ಲೇಸು. ಯಾಕೆ ಅಂದರೆ ಕೆಲವು ಹಬ್ಬಗಳಿಗೆ ಆಸ್ಕರ್ ಅರ್ಹತೆ ಇದೆ, ಅಲ್ಲಿ ಗೆದ್ದರೆ ಆಸ್ಕರ್‌ಗೆ ಅರ್ಜಿ ಹಾಕಬಹುದು ಅಂತ ಹೇಳುತ್ತಾರಲ್ಲ, ಅದು ಇಡೀ ಹಬ್ಬಕ್ಕೆ ಇರುವುದಿಲ್ಲ. ಆಸ್ಕರ್ ಅಕಾಡೆಮಿಯ ಪಟ್ಟಿಯಲ್ಲಿ ಹಬ್ಬದ ಹೆಸರಿನ ಜೊತೆ ಯಾವ ಪ್ರಶಸ್ತಿಗೆ ಅಂತ ಬರೆದಿರುತ್ತದೆ. ನಮ್ಮ ಬೆಂಗಳೂರಿನ ಕಿರುಚಿತ್ರ ಹಬ್ಬವೂ ಆ ಪಟ್ಟಿಯಲ್ಲಿದೆ. ಅರ್ಹತೆ ಇರುವ ಹಬ್ಬದಲ್ಲೇ ವಿದ್ಯಾರ್ಥಿ ಪ್ರಶಸ್ತಿ ಗೆದ್ದರೂ ಆ ಪ್ರಶಸ್ತಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅರ್ಹತೆ ಸಿಗುವುದಿಲ್ಲ. ಹಬ್ಬದವರು ಹಾಕಿಕೊಂಡ "ಆಸ್ಕರ್ ಕ್ವಾಲಿಫೈಯಿಂಗ್" ಅನ್ನುವ ಮುದ್ರೆ ನೋಡಿ ಮರುಳಾಗಬೇಡಿ, ಪಟ್ಟಿ ತೆರೆದು ಪ್ರಶಸ್ತಿಯ ಹೆಸರು ಓದಿ.

ಸರಿ, ಪ್ರೀಮಿಯರ್ ವಿಷಯ. ಇವತ್ತು ಜಾಸ್ತಿ ಹೊತ್ತು ಇದರ ಮೇಲೇ ಕಳೆಯೋಣ, ಯಾಕೆ ಅಂದರೆ ಇಲ್ಲಿ ಆದ ತಪ್ಪನ್ನು ತಿದ್ದಲು ಬರುವುದಿಲ್ಲ.

ಜಗತ್ತಿನಲ್ಲೇ ಮೊದಲ ಸಲ ಸಾರ್ವಜನಿಕರಿಗೆ ತೋರಿಸಿದರೆ ಅದು ವರ್ಲ್ಡ್ ಪ್ರೀಮಿಯರ್. ಚಿತ್ರ ಹುಟ್ಟಿದ ದೇಶದ ಹೊರಗೆ ಮೊದಲ ಸಲ ತೋರಿಸಿದರೆ ಇಂಟರ್‌ನ್ಯಾಷನಲ್ ಪ್ರೀಮಿಯರ್. ಆಮೇಲೆ ಖಂಡಕ್ಕೆ, ದೇಶಕ್ಕೆ, ಕೆಲವು ಕಡೆ ಊರಿಗೂ ಒಂದೊಂದು ಇರುತ್ತದೆ. ಇವಳ ಚಿತ್ರ ಬೆಂಗಳೂರಿನಲ್ಲಿ ಮೊದಲು ತೋರಿಸಿದರೆ ವರ್ಲ್ಡ್ ಪ್ರೀಮಿಯರ್ ಅಲ್ಲಿಗೆ ಖರ್ಚಾಯಿತು. ಆದರೆ ಇಂಟರ್‌ನ್ಯಾಷನಲ್ ಪ್ರೀಮಿಯರ್ ಇನ್ನೂ ಕೈಯಲ್ಲಿದೆ. ವೆನಿಸ್ ಕಿರುಚಿತ್ರಕ್ಕೂ ವರ್ಲ್ಡ್ ಪ್ರೀಮಿಯರ್ ಕೇಳುತ್ತದೆ, ಹಾಗಾಗಿ ಬೆಂಗಳೂರಿನಲ್ಲಿ ತೋರಿಸಿದ ಮೇಲೆ ಅದು ಇಲ್ಲ.

ಇಲ್ಲಿ ಜನ ತಪ್ಪು ತಿಳಿಯುವುದು ಎರಡು ಕಡೆ. ಒಂದು, ದೊಡ್ಡ ಹೆಸರೆಲ್ಲ ಪ್ರೀಮಿಯರ್ ಕೇಳುತ್ತವೆ ಅಂದುಕೊಳ್ಳುವುದು. ಹಾಗಿಲ್ಲ. ಅಮೆರಿಕದ ಸಂಡ್ಯಾನ್ಸ್ ಪೂರ್ಣ ಚಿತ್ರಗಳಿಗೆ ಪ್ರೀಮಿಯರ್ ಕೇಳುತ್ತದೆ, ಕಿರುಚಿತ್ರಗಳಿಗೆ ಕೇಳುವುದಿಲ್ಲ. ಫ್ರಾನ್ಸ್‌ನ ಕ್ಲೆರ್ಮಾಂ-ಫೆರಾಂ ಬರೀ ಕಿರುಚಿತ್ರಗಳ ಹಬ್ಬ, ಅಲ್ಲೂ ಪ್ರೀಮಿಯರ್ ಹಟ ಇಲ್ಲ. ಹಾಗಾಗಿ "ದೊಡ್ಡ ಹಬ್ಬಕ್ಕೆ ಕಾಯುತ್ತಿದ್ದೇನೆ, ಎಲ್ಲೂ ತೋರಿಸಿಲ್ಲ" ಅಂತ ಎರಡು ವರ್ಷ ಚಿತ್ರವನ್ನು ಹಾರ್ಡ್ ಡಿಸ್ಕ್‌ನಲ್ಲಿ ಮಲಗಿಸುವುದಕ್ಕೆ ಅರ್ಥವಿಲ್ಲ. ಯಾವ ದೊಡ್ಡ ಹಬ್ಬ ಅಂತ ಹೆಸರು ಹೇಳಿ, ಅದರ ನಿಯಮ ತೆರೆದು ನೋಡಿ, ಆಮೇಲೆ ಕಾಯಿರಿ.

ಎರಡನೇ ತಪ್ಪು, ಕಳಿಸಿದರೇ ಪ್ರೀಮಿಯರ್ ಹೋಗುತ್ತದೆ ಅಂತ ಹೆದರುವುದು. ಕಳಿಸಿದರೆ ಹೋಗುವುದಿಲ್ಲ, ತೋರಿಸಿದರೆ ಹೋಗುತ್ತದೆ. ಒಂದೇ ಸಲಕ್ಕೆ ಆರು ಕಡೆ ಅರ್ಜಿ ಹಾಕಬಹುದು. ತೊಂದರೆ ಬರುವುದು ಸಣ್ಣ ಹಬ್ಬ ಮೊದಲು ಒಪ್ಪಿಕೊಂಡಾಗ. ಆಗ ಹೂಂ ಅನ್ನುವ ಮುಂಚೆ ಒಂದು ಮೇಲ್ ಹಾಕಿ, ಪ್ರದರ್ಶನ ಯಾವ ದಿನ ಅಂತ ಕೇಳಿ. ದೊಡ್ಡ ಕಡೆಯ ಫಲಿತಾಂಶ ಅದಕ್ಕಿಂತ ಮುಂಚೆ ಬರುವಂತಿದ್ದರೆ ಒಂದು ವಾರ ಸಮಯ ಕೇಳಬಹುದು. ಬರುವಂತಿಲ್ಲದಿದ್ದರೆ ನನ್ನ ಮಾತು ಕೇಳಿ, ಕೈಗೆ ಬಂದದ್ದನ್ನು ಹಿಡಿಯಿರಿ. ಸಂಡ್ಯಾನ್ಸ್‌ಗೆ 2025ರ ಹಬ್ಬಕ್ಕೆ 11,000ಕ್ಕೂ ಜಾಸ್ತಿ ಕಿರುಚಿತ್ರ ಬಂದಿದ್ದವು, ತೆಗೆದುಕೊಂಡದ್ದು 57. ಆದರೆ ಹೂಂ ಅಂದು, ಅವರು ಪಟ್ಟಿ ಪ್ರಕಟಿಸಿದ ಮೇಲೆ ವಾಪಸ್ ತೆಗೆದುಕೊಳ್ಳಬೇಡಿ. ಈ ಆಯ್ಕೆದಾರರೆಲ್ಲ ಒಬ್ಬರಿಗೊಬ್ಬರು ಪರಿಚಯದವರು.

ಕಾಲೇಜಿನಲ್ಲಿ ತೋರಿಸಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಯಾರೋ ಹಿಂದಿನಿಂದ ಕೇಳಿದರು. ಕ್ಲಾಸಿನವರಿಗೆ, ಮೇಷ್ಟ್ರಿಗೆ, ಬಾಗಿಲು ಹಾಕಿಕೊಂಡು ತೋರಿಸಿದ್ದು ಸಾಮಾನ್ಯವಾಗಿ ಬರುವುದಿಲ್ಲ. ಪೋಸ್ಟರ್ ಅಂಟಿಸಿ, ಊರಿಗೆಲ್ಲ ಕರೆದು ಟೌನ್ ಹಾಲ್‌ನಲ್ಲಿ ತೋರಿಸಿದ್ದು ಬರುತ್ತದೆ. ಪಾಸ್‌ವರ್ಡ್ ಹಾಕಿದ ಲಿಂಕ್ ಆಯ್ಕೆದಾರರಿಗೆ ಕಳಿಸುವುದು ತೊಂದರೆ ಇಲ್ಲ. ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರೆ ಬಹಳ ಕಡೆ ಕತೆ ಮುಗಿಯಿತು.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನನ್ನ ಮೊದಲ ಕಿರುಚಿತ್ರದಲ್ಲಿ ಪಾತ್ರ ಮಾಡಿದ್ದ ಒಬ್ಬ ಹುಡುಗನ ಮದುವೆ ಬಂತು. ಹುಡುಗಿ ಮನೆಯವರಿಗೆ ತೋರಿಸಬೇಕು, ಹಾಕಿಬಿಡು ಮಾರಾಯ ಅಂದ. ಹಾಕಿದೆ. ನೋಡಿದವರು 340 ಜನ. ಎರಡು ತಿಂಗಳ ಮೇಲೆ ಒಂದು ಚಿತ್ರೋತ್ಸವದಿಂದ ಮೇಲ್ ಬಂತು, ನಿಮ್ಮ ಚಿತ್ರ ಆನ್‌ಲೈನ್‌ನಲ್ಲಿ ಇದೆಯಲ್ಲ ಅಂತ. ತಕ್ಷಣ ತೆಗೆದೆ. ತೆಗೆದರೂ ಹಾಕಿದ ದಿನ ಉಳಿದೇ ಇರುತ್ತದಲ್ಲ. ಅವರ ನಿಯಮದ ನಾಲ್ಕನೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದದೆ ಇದ್ದವನು ನಾನು.

ಆಸ್ಕರ್ ದಾರಿಯಲ್ಲೂ ಇದೇ ಕಟ್ಟು ಇದೆ. ಅರ್ಹತೆ ಸಿಗುವ ಮುಂಚೆ ಚಿತ್ರ ಟಿವಿಯಲ್ಲೋ ಇಂಟರ್‌ನೆಟ್‌ನಲ್ಲೋ ಸಾರ್ವಜನಿಕವಾಗಿ ಬಂದಿರಬಾರದು. ಪ್ರಚಾರಕ್ಕೆ ಒಟ್ಟು ಉದ್ದದ ಶೇ. 10ರಷ್ಟು ತೋರಿಸಬಹುದು. 18 ನಿಮಿಷ 20 ಸೆಕೆಂಡ್ ಅಂದರೆ 110 ಸೆಕೆಂಡ್. ಇವಳು ಇನ್‌ಸ್ಟಾಗ್ರಾಂನಲ್ಲಿ ಹಾಕಿರುವ ಟ್ರೇಲರ್ 40 ಸೆಕೆಂಡ್. ಪರವಾಗಿಲ್ಲ. ಆದರೆ "ಇನ್ನೊಂದು ತುಣುಕು, ಮತ್ತೊಂದು ತುಣುಕು" ಅಂತ ರೀಲ್ ಹಾಕುತ್ತಾ ಹೋದರೆ 110 ದಾಟುವುದು ಕಷ್ಟವಲ್ಲ.

ಈಗ ದುಡ್ಡು. ಇವಳ ಹತ್ತಿರ ಇರುವುದು 12,000 ರೂಪಾಯಿ. ಅರ್ಜಿಗಳು ಬಹುಪಾಲು ಫಿಲ್ಮ್‌ಫ್ರೀವೇ ಅನ್ನುವ ಜಾಲತಾಣದ ಮೂಲಕ ಹೋಗುತ್ತವೆ. ಯುರೋಪಿನ ಕೆಲವು ಹಬ್ಬಗಳು ಶಾರ್ಟ್‌ಫಿಲ್ಮ್‌ಡಿಪೋ ಅನ್ನುವ ಇನ್ನೊಂದನ್ನು ಬಳಸುತ್ತವೆ. ಫೀ ದಿನ ಕಳೆದಂತೆ ಏರುತ್ತದೆ. ಒಂದು ಮಾದರಿ ಲೆಕ್ಕ ಹಾಕೋಣ. ಮೊದಲ ಗಡುವಿಗೆ 20 ಡಾಲರ್, ಕೊನೆಯ ಗಡುವಿಗೆ 35 ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭ ಅಂತ ಡಾಲರಿಗೆ 90 ರೂಪಾಯಿ ಹಿಡಿದರೆ 1,800 ಮತ್ತು 3,150. ಬ್ಯಾಂಕು ಇದರ ಮೇಲೆ ವಿದೇಶಿ ವ್ಯವಹಾರದ ಶುಲ್ಕ ಹಾಕುತ್ತದೆ, ಶೇ. 3.5 ಅಂದರೆ 63 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದು ಸಣ್ಣದು. ಒಂದೇ ಚಿತ್ರ, ಒಂದೇ ಹಬ್ಬ, ನಾಲ್ಕು ತಿಂಗಳು ಸೋಮಾರಿತನ ಮಾಡಿದ್ದಕ್ಕೆ 1,350 ರೂಪಾಯಿ ಜಾಸ್ತಿ, ಅದು ದೊಡ್ಡದು. ಕೊಟ್ಟ ಫೀ ವಾಪಸ್ ಬರುವುದಿಲ್ಲ, ನಿಯಮಕ್ಕೆ ಹೊಂದದ ಚಿತ್ರ ಕಳಿಸಿದರೂ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಕಾರ್ಡ್ ಬೇಕು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಗಡುವಿನ ರಾತ್ರಿ ಹನ್ನೊಂದೂವರೆಗೆ ಇದು ಗೊತ್ತಾದರೆ ಅಪ್ಪನ ಕಾರ್ಡ್‌ಗೆ ಫೋನ್ ಮಾಡಬೇಕಾಗುತ್ತದೆ.

ಒಂದೇ ಹಬ್ಬದಲ್ಲಿ ಹಲವು ವಿಭಾಗಕ್ಕೆ ಬೇರೆ ಬೇರೆ ಫೀ ಕಟ್ಟಿ ಅಂತ ಕೇಳಿದರೆ ಕೈ ಹಿಂದೆ ತೆಗೆಯಿರಿ. ಒಳ್ಳೆಯ ಹಬ್ಬಕ್ಕೆ ಒಂದು ಅರ್ಜಿ ಸಾಕು, ಛಾಯಾಗ್ರಹಣ, ಸಂಕಲನ ಎಲ್ಲವನ್ನೂ ಅವರೇ ನೋಡುತ್ತಾರೆ. ಪ್ರತಿ ತಿಂಗಳು ಪ್ರಶಸ್ತಿ, ಎಂಬತ್ತು ವಿಭಾಗ, ಗೆದ್ದ ಮೇಲೆ ಟ್ರೋಫಿಗೆ ಬೇರೆ ದುಡ್ಡು, ಹೀಗಿರುವವು ಬಹಳ ಇವೆ. ಪತ್ತೆ ಹಚ್ಚಲು ಸುಲಭ ದಾರಿ ಒಂದಿದೆ. ಹೋದ ವರ್ಷದ ವೇಳಾಪಟ್ಟಿ ಹುಡುಕಿ. ಯಾವ ಚಿತ್ರ, ಯಾವ ದಿನ, ಯಾವ ಹಾಲ್, ಎಷ್ಟು ಗಂಟೆಗೆ. ಅದು ಎಲ್ಲೂ ಸಿಗದಿದ್ದರೆ ಅಲ್ಲಿ ಪರದೆಯೇ ಇಲ್ಲ, ಕುರ್ಚಿಯೂ ಇಲ್ಲ. ಆಯ್ಕೆಯಾದವರು, ಗೆದ್ದವರು ಪೋಸ್ಟರ್ ಮೇಲೆ ಹಾಕಿಕೊಳ್ಳುವ ಎಲೆಗಳ ಮಾಲೆಯ ಚಿತ್ರವೊಂದನ್ನು ಮಾರುತ್ತಿದ್ದಾರೆ ಅಷ್ಟೆ. ಅಂಥ ನಾಲ್ಕು ಮಾಲೆ ಪೋಸ್ಟರ್ ಮೇಲೆ ಇದ್ದರೆ, ಬಲ್ಲವರ ಕಣ್ಣಿಗೆ ನೀವು ಎಲ್ಲೆಲ್ಲಿ ದುಡ್ಡು ಕಟ್ಟಿದ್ದೀರಿ ಅನ್ನುವುದೂ ಕಾಣುತ್ತದೆ.

ಹಾಗಾದರೆ ಇವಳ ಚಿತ್ರಕ್ಕೆ ಏನು ಮಾಡೋಣ? ಬೋರ್ಡ್ ಮೇಲೆ ಬರೆದದ್ದನ್ನು ಹೇಳುತ್ತೇನೆ. ಚಿತ್ರ ಪೂರ್ತಿ ಮುಗಿದದ್ದು ಫೆಬ್ರವರಿಯಲ್ಲಿ. ಶೂಟಿಂಗ್ ಹೋದ ವರ್ಷ ಅಕ್ಟೋಬರ್‌ನಲ್ಲಿ. ಅರ್ಜಿಯಲ್ಲಿ `Completion Date` ಅಂತ ಕೇಳುವುದು ಧ್ವನಿ, ಬಣ್ಣ ಎಲ್ಲ ಮುಗಿದು ಕೊನೆಯ ಫೈಲ್ ತೆಗೆದ ದಿನ, ಶೂಟಿಂಗ್ ಮುಗಿದ ದಿನ ಅಲ್ಲ. ಇವಳು ಅಕ್ಟೋಬರ್ ಅಂತ ಹಾಕಿದ್ದಳು. ಬಹಳ ಹಬ್ಬಗಳು ಇಂಥ ದಿನದ ನಂತರ ಮುಗಿದ ಚಿತ್ರ ಅಂತ ಗೆರೆ ಎಳೆಯುತ್ತವೆ, ಹೆಚ್ಚಾಗಿ ಜನವರಿ 1. ಸುಮ್ನೆ ಒಂದು ವರ್ಷ ಕಳೆದುಕೊಳ್ಳುತ್ತಿದ್ದಳು. ಚಿತ್ರದ ಕೊನೆಯಲ್ಲಿ ಬರುವ ಇಸವಿಯೂ ಹಳೆಯದಿತ್ತು, ಅದನ್ನೂ ಸರಿಮಾಡಿಸಿದೆವು. ಹಾಗಂತ ಎರಡು ವರ್ಷ ಹಿಂದೆ ಮುಗಿದದ್ದಕ್ಕೆ ಹೊಸ ದಿನಾಂಕ ಹಾಕಬೇಡಿ, ಹಳೆಯ ಫೇಸ್‌ಬುಕ್ ಪೋಸ್ಟ್ ಒಂದೇ ಸಾಕು ಸಿಕ್ಕಿಬೀಳಲು.

ವರ್ಲ್ಡ್ ಪ್ರೀಮಿಯರ್ ಇನ್ನೂ ಕೈಯಲ್ಲಿದೆ. ಹಾಗಾಗಿ ಅದನ್ನು ಕೇಳುವ ಒಂದೇ ಒಂದು ಕಡೆ ಕಳಿಸೋಣ, ಉದ್ದಕ್ಕೆ ಹೊಂದುವ ವೆನಿಸ್. ಲಾಟರಿ ಅಂತ ತಿಳಿದೇ ಕಳಿಸುವುದು. ಅದರ ಜೊತೆಗೇ ಪ್ರೀಮಿಯರ್ ಕೇಳದ ಕ್ಲೆರ್ಮಾಂ-ಫೆರಾಂ. ಈ ಎರಡಕ್ಕೂ ಸೇರಿ 5,000 ಮೀರದಂತೆ ನೋಡಿಕೊಳ್ಳುವುದು, ಮೀರಿದರೆ ಒಂದನ್ನು ಬಿಡುವುದು. ಬೆಂಗಳೂರಿನ ಕಿರುಚಿತ್ರ ಹಬ್ಬ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ವೆನಿಸ್ ಹಬ್ಬದ ಆಯ್ಕೆಗಳು ಜುಲೈ ಕೊನೆಯ ಹೊತ್ತಿಗೆ ಹೊರಬರುತ್ತವೆ, ಹಾಗಾಗಿ ಎರಡಕ್ಕೂ ಜಗಳ ಆಗುವುದಿಲ್ಲ. ಮುಂಬೈನ ಮಿಫ್ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, 1990ರಿಂದ ಇದೆ, ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಶನ್‌ಗೆ ಅಂತಲೇ ಇರುವುದು. ಅಲ್ಲಿ ವಿದ್ಯಾರ್ಥಿ ಚಿತ್ರಕ್ಕೆ ಪ್ರತ್ಯೇಕ ಪ್ರಶಸ್ತಿ ಇದೆ. ಒಂದು ಗಡುವು ತಪ್ಪಿಸಿಕೊಂಡರೆ ಮುಂದಿನದು ಬರುವಷ್ಟರಲ್ಲಿ ಚಿತ್ರ ಹಳೆಯದಾಗಿರುತ್ತದೆ, ಹಾಗಾಗಿ ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ತಿರುವನಂತಪುರದ ಐಡಿಎಸ್‌ಎಫ್‌ಎಫ್‌ಕೆ ಸಾಕ್ಷ್ಯಚಿತ್ರ, ಕಿರುಚಿತ್ರಗಳ ಒಳ್ಳೆಯ ಹಬ್ಬ. ಅಲ್ಲಿ ಕ್ಯಾಂಪಸ್ ಚಿತ್ರಗಳ ವಿಭಾಗ ಕಂಡು ಖುಷಿಪಡಬೇಡಿ, ಅದು ಕೇರಳದ ವಿದ್ಯಾರ್ಥಿಗಳಿಗೆ. ನಾವು ಕಿರುಕಥಾ ಚಿತ್ರ ವಿಭಾಗದಲ್ಲಿ ಹೋಗಬೇಕು. ಭಾರತದೊಳಗಿನ ಈ ಮೂರು ನಾಲ್ಕಕ್ಕೆ 4,000 ಇಟ್ಟುಕೊಂಡೆವು.

ಉಳಿದ 3,000 ಯಾವುದಕ್ಕೆ ಅಂದರೆ ರೈಲು, ಊಟ, ಒಂದು ರಾತ್ರಿ ಉಳಿಯಲು. ಆಯ್ಕೆಯಾದ ಕಡೆ ಹೋಗಿ ಕೂರದಿದ್ದರೆ ಕಳಿಸಿದ್ದರಲ್ಲಿ ಅರ್ಧ ವ್ಯರ್ಥ ಅನ್ನುವುದು ನನ್ನ ಅಭಿಪ್ರಾಯ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ನಿಮ್ಮ ಚಿತ್ರಕ್ಕೆ ಅಪರಿಚಿತರು ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ ಅಂತ ನೋಡಿಬರಲು ಒಂದು ವಿದೇಶಿ ಅರ್ಜಿಯಷ್ಟೂ ಖರ್ಚಾಗುವುದಿಲ್ಲ.

ಫೀ ಮಾಫಿ ಕೇಳಬಹುದಾ ಅಂತ ಒಬ್ಬರು ಕೇಳಿದರು. ಕೇಳಬಹುದು. ಗಡುವಿಗೆ ಒಂದು ತಿಂಗಳು ಮುಂಚೆ, ಐದು ಸಾಲಿನಲ್ಲಿ, ಚಿತ್ರದ ಹೆಸರು, ಉದ್ದ, ಲಿಂಕ್, ನೀವು ಯಾರು, ಯಾಕೆ ಆ ಹಬ್ಬ ಅಂತ ಬರೆದು ಕೇಳಿ. ಒಂದೇ ಮೇಲ್‌ನ ನಲವತ್ತು ಕಡೆ ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ನಾನು ಕೇಳಿದ್ದರಲ್ಲಿ ಸಿಕ್ಕಿದ್ದಕ್ಕಿಂತ ಸಿಗದಿದ್ದದ್ದೇ ಜಾಸ್ತಿ, ಆದರೆ ಕೇಳಿದ್ದಕ್ಕೆ ಯಾರೂ ಬೈದಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಎದ್ದು ಬಂದು ಮೆಲ್ಲಗೆ ಕೇಳಿದಳು. "ಸರ್, ಪಾತ್ರ ಮಾಡಿದ ಅಜ್ಜಿ ದಿನಾ ಫೋನ್ ಮಾಡ್ತಾರೆ, ಯಾವಾಗ ತೋರಿಸ್ತೀಯ ಅಂತ. ತೋರಿಸಬಹುದಾ?" ಇವತ್ತೇ ತೋರಿಸಮ್ಮ ಅಂದೆ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅವರ ಮನೆಯ ಜಗಲಿಯ ಮೇಲೆ ಇಟ್ಟು ತೋರಿಸು, ಅಕ್ಕಪಕ್ಕದ ನಾಲ್ಕು ಜನ ಬಂದು ನೋಡಿದರೂ ಯಾವ ಪ್ರೀಮಿಯರೂ ಹೋಗುವುದಿಲ್ಲ. ಅವರ ಮೊಮ್ಮಗನ ಪೆನ್‌ಡ್ರೈವ್‌ಗೆ ಮಾತ್ರ ಹಾಕಿಕೊಡಬೇಡ.